ಒಂದು ಬಾಯಿ ಕಟ್ಟುತ್ತದೆ, ಇನ್ನೊಂದು ಕಿವಿ ಮುಚ್ಚುತ್ತದೆ: ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮತ್ತು ನಿಲ್ಲದ ರಕ್ತ

ಅರವತ್ತೆರಡು ವರ್ಷದ ಒಬ್ಬರಿದ್ದಾರೆ ಅಂದುಕೊಳ್ಳಿ. ಎರಡು ತಿಂಗಳ ಹಿಂದೆ ಅವರಿಗೆ ಹಾರ್ಟ್ ಅಟ್ಯಾಕ್ ಆಗಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ದಿನಾ ಎರಡು ಚಿಕ್ಕ ಮಾತ್ರೆ ತಪ್ಪದೆ ನುಂಗುತ್ತಾರೆ: ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೊಪಿಡೊಗ್ರೆಲ್ 75 ಮಿಲಿಗ್ರಾಂ. ಒಂದು ಬೆಳಿಗ್ಗೆ ಶೇವ್ ಮಾಡುವಾಗ ಗಲ್ಲದ ಮೇಲೆ ಸಣ್ಣದೊಂದು ಗೀರು ಬಿತ್ತು. ಮೊದಲಾಗಿದ್ದರೆ ಎರಡು ಮೂರು ನಿಮಿಷ ಹತ್ತಿ ಒತ್ತಿ ಹಿಡಿದರೆ ರಕ್ತ ನಿಂತುಬಿಡುತ್ತಿತ್ತು. ಈಗ ಹತ್ತಿ ಎತ್ತಿದಾಗಲೆಲ್ಲ ಅದೇ ಜಾಗದಲ್ಲಿ ಮತ್ತೊಂದು ಕೆಂಪು ಹನಿ ಮೂಡುತ್ತದೆ. ಹದಿನೈದು ನಿಮಿಷವಾದರೂ ಹಾಗೇ. ಮುಂಗೈ ಮೇಲೆ ನೋಡಿದರೆ ಎಲ್ಲಿ ತಾಗಿಸಿಕೊಂಡರು ಅಂತಲೇ ನೆನಪಿಲ್ಲದ ನೀಲಿ ಕಲೆಗಳು ಬೇರೆ.

ಗಾಬರಿಯಾಗಿ ರಕ್ತ ಪರೀಕ್ಷೆ ಮಾಡಿಸಿದರು. ಪ್ಲೇಟ್‌ಲೆಟ್ ಎಣಿಕೆ 2,50,000, ನಾರ್ಮಲ್. ಐಎನ್‌ಆರ್ 1.0, ಅದೂ ನಾರ್ಮಲ್. ರಿಪೋರ್ಟಿನಲ್ಲಿ ಒಂದು ಅಂಕಿಯೂ ಹೆಚ್ಚುಕಮ್ಮಿ ಇಲ್ಲ. ಮತ್ತೆ ರಕ್ತ ಯಾಕೆ ನಿಲ್ಲಲಿಲ್ಲ?

ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ: "ರಕ್ತ ತೆಳುವಾಗೋ ಮಾತ್ರೆ ಅಲ್ವಾ, ಅದಕ್ಕೇ." ಬಳಕೆಗೆ ಆ ಮಾತು ಪರವಾಗಿಲ್ಲ, ಆದರೆ ನಡೆಯುವುದು ಅದಲ್ಲ. ಈ ಮಾತ್ರೆಗಳಿಂದ ರಕ್ತ ನೀರಾಗುವುದಿಲ್ಲ. ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಕಡಿಮೆಯಾಗುವುದಿಲ್ಲ, ಅದಕ್ಕೇ ಎಣಿಕೆ ಸರಿ ಇದೆ. ಐಎನ್‌ಆರ್ ನೋಡುವುದು ರಕ್ತದ ದ್ರವದಲ್ಲಿರುವ ಪ್ರೋಟೀನುಗಳ ಕೆಲಸವನ್ನು. ಅವುಗಳ ತಂಟೆಗೆ ಈ ಎರಡೂ ಮಾತ್ರೆ ಹೋಗುವುದಿಲ್ಲ. ಇವು ಕೈ ಹಾಕುವುದು ಬೇರೊಂದು ಕಡೆ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯುತ್ತವಲ್ಲ, ಆ ಕರೆಗೆ.

ಒಂದು ಪ್ಲೇಟ್‌ಲೆಟ್ ಇನ್ನೊಂದನ್ನು ಕರೆಯುವುದು

ಪ್ಲೇಟ್‌ಲೆಟ್ ಅಂದರೆ ರಕ್ತದಲ್ಲಿ ತೇಲುವ ಚಪ್ಪಟೆ ಚೂರು. ಅಗಲ ಎರಡು ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಮುನ್ನೂರು ನಾನೂರನ್ನು ಸಾಲಾಗಿ ಜೋಡಿಸಬಹುದು. ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಕಳಚಿಕೊಂಡು ಬಂದ ತುಂಡುಗಳು ಇವು. ತುಂಡು ಮಾತ್ರ ಆದ್ದರಿಂದ ಇವಕ್ಕೆ ನ್ಯೂಕ್ಲಿಯಸ್ ಇಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಹಳಷ್ಟು ಇದರ ಮೇಲೇ ನಿಂತಿದೆ.

ಗೀರು ಬಿದ್ದಾಗ ರಕ್ತನಾಳದ ಒಳಪದರ ಹರಿಯುತ್ತದೆ. ಅದರ ಕೆಳಗಿದ್ದ ಕೊಲಾಜೆನ್ ನಾರು ರಕ್ತಕ್ಕೆ ಕಾಣಿಸಿಕೊಳ್ಳುತ್ತದೆ. ಮಾಮೂಲಿಯಾಗಿ ಕೊಲಾಜೆನ್ ಮತ್ತು ರಕ್ತ ಒಂದನ್ನೊಂದು ಮುಟ್ಟುವುದೇ ಇಲ್ಲ. ಹಾಗಾಗಿ ಪಕ್ಕದಲ್ಲೇ ಹರಿದುಹೋಗುತ್ತಿದ್ದ ಪ್ಲೇಟ್‌ಲೆಟ್‌ಗಳಿಗೆ "ಇಲ್ಲಿ ಏನೋ ಹರಿದಿದೆ" ಎಂಬುದಕ್ಕೆ ಅದೇ ಗುರುತು. ಮೊದಲ ಸಾಲಿನವು ಅಲ್ಲಿಗೆ ಅಂಟಿಕೊಳ್ಳುತ್ತವೆ, ಆಕಾರ ಬದಲಿಸುತ್ತವೆ, ಮುಳ್ಳುಮುಳ್ಳಾಗಿ ಚಾಚಿಕೊಳ್ಳುತ್ತವೆ.

ಆದರೆ ಒಂದು ಸಾಲು ಪ್ಲೇಟ್‌ಲೆಟ್‌ನಿಂದ ತೂತು ಮುಚ್ಚುವುದಿಲ್ಲ. ಸಾವಿರಾರು ಬೇಕು, ಅದೂ ಬೇಗ ಬೇಕು. ಅದಕ್ಕೆ ಅಂಟಿಕೊಂಡ ಪ್ಲೇಟ್‌ಲೆಟ್ ಸುತ್ತಮುತ್ತಲಿನವನ್ನು ಕೂಗಿ ಕರೆಯುತ್ತದೆ. ಹಲವು ಬಗೆಯ ಕೂಗುಗಳಿವೆ, ನಮಗೆ ಇಲ್ಲಿ ಎರಡು ಸಾಕು.

ಒಂದು ಥ್ರಾಂಬಾಕ್ಸೇನ್. ಇದನ್ನು ಪ್ಲೇಟ್‌ಲೆಟ್ ಆಗಿಂದಾಗಲೇ ತಯಾರಿಸುತ್ತದೆ. ತನ್ನ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬನ್ನು ಬಿಡಿಸಿ ಕಾಕ್ಸ್-1 ಎಂಬ ಕಿಣ್ವಕ್ಕೆ ಕೊಡುತ್ತದೆ. ಆ ಕಿಣ್ವ ಮತ್ತು ಅದರ ಮುಂದಿನ ಇನ್ನೊಂದು ಕಿಣ್ವ ಸೇರಿ ಅದನ್ನು ಥ್ರಾಂಬಾಕ್ಸೇನ್ ಮಾಡುತ್ತವೆ. ಇದರ ಆಯುಸ್ಸು ಬಹಳ ಕಮ್ಮಿ. ಸುಮಾರು ಅರ್ಧ ನಿಮಿಷದಲ್ಲಿ ಅರ್ಧಕ್ಕರ್ಧ ಕೆಟ್ಟುಹೋಗುತ್ತದೆ. ಹಾಗಾಗಿ ಹತ್ತಿರದಲ್ಲಿ ಇರುವವರಿಗಷ್ಟೇ ಈ ಕೂಗು ಕೇಳುತ್ತದೆ. ಅದೂ ಒಳ್ಳೆಯದೇ, ಇಲ್ಲದಿದ್ದರೆ ಗಲ್ಲದ ಗೀರಿಗೆ ಮೈಯೆಲ್ಲ ಹೆಪ್ಪುಗಟ್ಟುತ್ತಿತ್ತು.

ಎರಡನೆಯದು ಎಡಿಪಿ. ಇದನ್ನು ಪ್ಲೇಟ್‌ಲೆಟ್ ಮೊದಲೇ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಅಂಟಿಕೊಂಡ ಕೂಡಲೇ ಚೀಲ ಒಡೆದು ಹೊರಗೆ ಚೆಲ್ಲುತ್ತದೆ. ಪಕ್ಕದ ಪ್ಲೇಟ್‌ಲೆಟ್‌ನ ಮೈಮೇಲೆ ಎಡಿಪಿಯನ್ನು ಹಿಡಿಯುವ ಎರಡು ಬಗೆಯ ಕಿವಿಗಳಿವೆ ಅನ್ನಿ. ಪಿ2ವೈ1 ಕೇಳಿದರೆ ಪ್ಲೇಟ್‌ಲೆಟ್ ಎಚ್ಚರಗೊಂಡು ಆಕಾರ ಬದಲಿಸುತ್ತದೆ. ಪಿ2ವೈ12 ಕೇಳಿದರೆ ಆ ಎಚ್ಚರ ಬಲವಾಗಿ ನಿಲ್ಲುತ್ತದೆ, ಕೈಬಿಡದೆ ಹಿಡಿದುಕೊಳ್ಳುವಂತೆ ಮಾಡುತ್ತದೆ.

ಕೂಗು ಕೇಳಿದ ಪ್ಲೇಟ್‌ಲೆಟ್ ಏನು ಮಾಡುತ್ತದೆ? ಅದರ ಮೈಮೇಲೆ ಹತ್ತಾರು ಸಾವಿರ ಕೊಕ್ಕೆಗಳು ಮಡಚಿಕೊಂಡು ಕೂತಿರುತ್ತವೆ. ಕರೆ ಬಂದ ಮೇಲೆ ಅವು ನೆಟ್ಟಗಾಗುತ್ತವೆ. ರಕ್ತದಲ್ಲಿ ತೇಲುತ್ತಿರುವ ಫೈಬ್ರಿನೋಜೆನ್ ಎಂಬ ಉದ್ದನೆಯ ಪ್ರೋಟೀನಿನ ಒಂದು ತುದಿಯನ್ನು ಈ ಪ್ಲೇಟ್‌ಲೆಟ್ ಹಿಡಿದರೆ, ಇನ್ನೊಂದು ತುದಿಯನ್ನು ಪಕ್ಕದ್ದು ಹಿಡಿಯುತ್ತದೆ. ಹೀಗೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಗುಂಪಾಗುತ್ತವೆ. ಸೇರಿದ್ದು ತಾನೂ ಕೂಗುತ್ತದೆ, ಇನ್ನಷ್ಟು ಬರುತ್ತವೆ. ಅಲ್ಲಿಗೆ ಬಿರಡೆ ಸಿದ್ಧ.

ಆಸ್ಪಿರಿನ್: ಇಪ್ಪತ್ತು ನಿಮಿಷದ ಕೆಲಸ, ಹತ್ತು ದಿನದ ಪರಿಣಾಮ

ಆಸ್ಪಿರಿನ್ ನಿಲ್ಲಿಸುವುದು ಮೊದಲ ಕೂಗನ್ನು. ಕಾಕ್ಸ್-1 ಕಿಣ್ವದ ಒಳಗೆ ಒಂದು ಕಿರಿದಾದ ಸುರಂಗವಿದೆ. ಅರಾಕಿಡೋನಿಕ್ ಆಮ್ಲ ಆ ಸುರಂಗದೊಳಗೆ ನುಗ್ಗಿ ಕೆಲಸದ ಜಾಗಕ್ಕೆ ತಲುಪಬೇಕು. ಆಸ್ಪಿರಿನ್ ಅಣು ಅಲ್ಲಿಗೆ ಹೋಗಿ, ದಾರಿಯಲ್ಲಿರುವ ಸೆರೀನ್ ಎಂಬ ಒಂದು ಅಮೈನೋ ಆಮ್ಲಕ್ಕೆ ತನ್ನ ಮೈಯ ಒಂದು ತುಣುಕನ್ನು, ಅಸಿಟೈಲ್ ಗುಂಪನ್ನು, ಅಂಟಿಸಿ ಬರುತ್ತದೆ. ಸುರಂಗ ಕಟ್ಟಿಕೊಂಡಿತು. ಆ ತುಣುಕು ಮತ್ತೆ ಕಳಚುವುದಿಲ್ಲ. ಥ್ರಾಂಬಾಕ್ಸೇನ್ ತಯಾರಿ ಬಂದ್. ಅಂದರೆ ಪ್ಲೇಟ್‌ಲೆಟ್‌ನ ಬಾಯಿ ಕಟ್ಟಿದ ಹಾಗೆ.

ಇಲ್ಲಿ ಒಂದು ವಿಚಿತ್ರ ಇದೆ. ಆಸ್ಪಿರಿನ್ ರಕ್ತದಲ್ಲಿ ಉಳಿಯುವುದು ಬಹಳ ಕಡಿಮೆ ಹೊತ್ತು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನದ ಹೊತ್ತಿಗೆ ರಕ್ತದಲ್ಲಿ ಹೆಚ್ಚುಕಮ್ಮಿ ಇಲ್ಲ. ಆದರೂ ದಿನಕ್ಕೆ ಒಂದೇ ಮಾತ್ರೆ ಸಾಕು. ಹೇಗೆ?

ಬೇರೆ ಜೀವಕೋಶವಾಗಿದ್ದರೆ ಕೆಟ್ಟ ಕಿಣ್ವದ ಬದಲು ಹೊಸದನ್ನು ಮಾಡಿಕೊಳ್ಳುತ್ತಿತ್ತು. ಅದಕ್ಕೆ ಬೇಕಾದ ನಕ್ಷೆ ನ್ಯೂಕ್ಲಿಯಸ್ ಒಳಗಿರುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ ಅಂದೆವಲ್ಲ. ಹಾಗಾಗಿ ಒಮ್ಮೆ ಆಸ್ಪಿರಿನ್ ಸೋಕಿದ ಪ್ಲೇಟ್‌ಲೆಟ್ ಸಾಯುವವರೆಗೂ ಹಾಗೇ. ಪ್ಲೇಟ್‌ಲೆಟ್ ಬದುಕುವುದು ಏಳರಿಂದ ಹತ್ತು ದಿನ. ದಿನಾ ಸುಮಾರು ಹತ್ತನೇ ಒಂದು ಪಾಲು ಸತ್ತು, ಅಷ್ಟೇ ಹೊಸವು ಬರುತ್ತವೆ. ನಾಳೆಯ ಮಾತ್ರೆಯ ಕೆಲಸ ಅಷ್ಟೇ: ಈ ಇಪ್ಪತ್ನಾಲ್ಕು ಗಂಟೆಯಲ್ಲಿ ಹೊಸದಾಗಿ ಬಂದವುಗಳ ಬಾಯಿ ಕಟ್ಟುವುದು. ಅದಕ್ಕೇ 75 ಮಿಲಿಗ್ರಾಂನಂಥ ಚಿಕ್ಕ ಪ್ರಮಾಣವೂ ಸಾಕಾಗುತ್ತದೆ. ತಲೆನೋವಿಗೆ ನುಂಗುವ ಆಸ್ಪಿರಿನ್ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಈ ಗುಣ ಮೊದಲು ಕಣ್ಣಿಗೆ ಬಿದ್ದದ್ದು ರಕ್ತಸ್ರಾವದ ಮೂಲಕವೇ ಅನ್ನುವುದು ನನಗೆ ಬಹಳ ಮುಖ್ಯ ಅನಿಸುತ್ತದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಕ್ರೇವನ್ ಎಂಬ ವೈದ್ಯರು 1940ರ ದಶಕದಲ್ಲಿ ಟಾನ್ಸಿಲ್ ತೆಗೆದ ರೋಗಿಗಳಿಗೆ ನೋವಿಗೆಂದು ಆಸ್ಪಿರಿನ್ ಇರುವ ಚೂಯಿಂಗ್ ಗಮ್ ಕೊಡುತ್ತಿದ್ದರು. ಅದನ್ನು ಜಾಸ್ತಿ ಅಗಿದವರಿಗೆ ರಕ್ತಸ್ರಾವವೂ ಜಾಸ್ತಿ ಆಗುತ್ತಿತ್ತು. ಗಾಯದಲ್ಲಿ ಹೆಪ್ಪುಗಟ್ಟುವುದನ್ನು ಇದು ತಡೆಯುತ್ತದೆ ಅಂದಮೇಲೆ ಹೃದಯದ ನಾಳದಲ್ಲೂ ತಡೆಯಬೇಕಲ್ಲ ಎಂದು ಅವರು ಯೋಚಿಸಿದರು. ತಮ್ಮ ರೋಗಿಗಳಿಗೆ ಆಸ್ಪಿರಿನ್ ತೆಗೆದುಕೊಳ್ಳಲು ಹೇಳಲು ಶುರು ಮಾಡಿದರು. ಆಗ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾಕ್ಸ್ ಕಿಣ್ವದ ವಿಷಯವನ್ನು ಬ್ರಿಟನ್ನಿನ ಜಾನ್ ವೇನ್ ಬಿಡಿಸಿದ್ದು 1971ರಲ್ಲಿ. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಕ್ಲೊಪಿಡೊಗ್ರೆಲ್: ಲಿವರ್ ದಾಟಿದ ಮೇಲೇ ಔಷಧಿ

ಕ್ಲೊಪಿಡೊಗ್ರೆಲ್ ಕೂಗನ್ನು ನಿಲ್ಲಿಸುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತದೆ. ಪಿ2ವೈ12 ಎಂಬ ಕಿವಿಗೆ ಶಾಶ್ವತವಾಗಿ ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಎಡಿಪಿ ಚೆಲ್ಲಿದರೂ ಆ ಪ್ಲೇಟ್‌ಲೆಟ್ ಕಡೆಯವರೆಗೆ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಇದೂ ಆ ಪ್ಲೇಟ್‌ಲೆಟ್‌ನ ಆಯುಸ್ಸು ಮುಗಿಯುವವರೆಗೆ.

ಮಾತ್ರೆಯಲ್ಲಿರುವ ಕ್ಲೊಪಿಡೊಗ್ರೆಲ್‌ಗೆ ಮಾತ್ರ ಈ ಶಕ್ತಿ ಇಲ್ಲ. ಕರುಳಿನಿಂದ ಲಿವರ್‌ಗೆ ಹೋದಾಗ ನೂರರಲ್ಲಿ ಸುಮಾರು 85 ಭಾಗ ಯಾವ ಕೆಲಸಕ್ಕೂ ಬಾರದ ವಸ್ತುವಾಗಿ ಒಡೆದುಹೋಗುತ್ತದೆ. ಉಳಿದ 15 ಭಾಗವನ್ನು ಲಿವರಿನ ಕಿಣ್ವಗಳು ಎರಡು ಹಂತದಲ್ಲಿ ಬದಲಿಸಿ ನಿಜವಾದ ಔಷಧಿ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಸಿವೈಪಿ2ಸಿ19 ಎಂಬುದು. ಈ ಕಿಣ್ವದ ಜೀನ್ ಎಲ್ಲರಲ್ಲೂ ಒಂದೇ ತರ ಇಲ್ಲ. ಕೆಲವರಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಲಸ ಮಾಡದ ಪ್ರತಿಯೇ ಬಂದಿರುತ್ತದೆ. ಅವರು ದಿನಾ ಮಾತ್ರೆ ನುಂಗುತ್ತಾರೆ, ಪ್ಲೇಟ್‌ಲೆಟ್‌ಗಳ ಕಿವಿ ಮಾತ್ರ ಹೆಚ್ಚುಕಮ್ಮಿ ತೆರೆದೇ ಇರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಈ ಬಗ್ಗೆ ಔಷಧಿಯ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು. ಅಸಿಡಿಟಿಗೆ ಕೊಡುವ ಒಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಕ್ಲೊಪಿಡೊಗ್ರೆಲ್ ಜೊತೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ, ಅದರ ತಡೆ ಕಡಿಮೆ.

ಲಿವರ್ ದಾಟಿ ಬರಬೇಕಾದ್ದರಿಂದ ಇದು ನಿಧಾನ ಕೂಡ. ದಿನಕ್ಕೆ 75 ಮಿಲಿಗ್ರಾಂನಂತೆ ಶುರು ಮಾಡಿದರೆ ಪೂರ್ತಿ ಪರಿಣಾಮ ಬರಲು ಮೂರರಿಂದ ಏಳು ದಿನ ಹಿಡಿಯುತ್ತದೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಅಷ್ಟು ದಿನ ಕಾಯಲು ಆಗುತ್ತದೆಯೇ? ಅದಕ್ಕೇ ಮೊದಲ ದಿನ 300 ಅಥವಾ 600 ಮಿಲಿಗ್ರಾಂ ಒಟ್ಟಿಗೆ ಕೊಡುತ್ತಾರೆ. ಇನ್ನೊಂದು ಸಂಗತಿ: ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅದು ಮುಚ್ಚುವ ಪಿ2ವೈ12 ಯಾವುದು ಅಂತ ಗುರುತು ಹಿಡಿದದ್ದು 2001ರಲ್ಲಿ. ನಾಲ್ಕು ವರ್ಷ ಜನ ಇದನ್ನು ನುಂಗುತ್ತಿದ್ದರು, ಎಲ್ಲಿಗೆ ಹೋಗಿ ಅಂಟುತ್ತದೆ ಎಂದು ಸರಿಯಾಗಿ ತಿಳಿದಿರಲಿಲ್ಲ.

ಈಗ ಎರಡನ್ನೂ ಜೊತೆಗಿಟ್ಟು ನೋಡಿ. ಆಸ್ಪಿರಿನ್ ಸೋಕಿದ ಪ್ಲೇಟ್‌ಲೆಟ್ ಥ್ರಾಂಬಾಕ್ಸೇನ್ ಕೂಗು ಹಾಕಲಾರದು, ಆದರೆ ಬೇರೆಯದು ಕೂಗಿದರೆ ಅದಕ್ಕೆ ಕೇಳುತ್ತದೆ. ಕ್ಲೊಪಿಡೊಗ್ರೆಲ್ ಸೋಕಿದ ಪ್ಲೇಟ್‌ಲೆಟ್ ಎಡಿಪಿ ಕೂಗು ಹಾಕಬಲ್ಲದು, ಆದರೆ ಬೇರೆಯವು ಹಾಕಿದ್ದು ಅದಕ್ಕೆ ಸರಿಯಾಗಿ ಕೇಳುವುದಿಲ್ಲ. ಒಂದೊಂದೇ ಮಾತ್ರೆ ತೆಗೆದುಕೊಂಡರೆ ಇನ್ನೊಂದು ದಾರಿ ತೆರೆದಿರುತ್ತದೆ. ಎರಡನ್ನೂ ತೆಗೆದುಕೊಂಡರೆ ಎರಡು ಮುಖ್ಯ ದಾರಿಯೂ ಮುಚ್ಚಿದಂತೆ. ಆದರೂ ರಕ್ತ ಹೆಪ್ಪುಗಟ್ಟುವುದು ಪೂರ್ತಿ ನಿಲ್ಲುವುದಿಲ್ಲ. ಥ್ರಾಂಬಿನ್ ಎಂಬ ಇನ್ನೊಂದು ಬಲವಾದ ಕರೆ ಇದೆ, ಅದನ್ನು ಈ ಎರಡೂ ಮುಟ್ಟುವುದಿಲ್ಲ. ನಮ್ಮ ರೋಗಿಯ ಗಲ್ಲದ ರಕ್ತ ತಡವಾಗಿಯಾದರೂ ಕಡೆಗೆ ನಿಂತದ್ದು ಅದರಿಂದಲೇ.

ಬಿರಡೆ ಒಂದೇ, ಜಾಗ ಎರಡು

ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಪ್ಲೇಟ್‌ಲೆಟ್ ಕಣ್ಣಿಗೆ ಅದು ಹೊರಗಿನಿಂದ ಬಂದ ವಸ್ತು. ಜೊತೆಗೆ ಅದನ್ನು ಹಿಗ್ಗಿಸುವಾಗ ನಾಳದ ಒಳಪದರವೂ ಹರಿದಿರುತ್ತದೆ, ಕೊಲಾಜೆನ್ ಹೊರಗೆ ಬಂದಿರುತ್ತದೆ. ಕೆಲವು ತಿಂಗಳಲ್ಲಿ ಜಾಲರಿಯ ತಂತಿಗಳ ಮೇಲೆ ಹೊಸ ಒಳಪದರ ಬೆಳೆದು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಪ್ಲೇಟ್‌ಲೆಟ್ ಪಾಲಿಗೆ ಬಾಯಿ ತೆರೆದ ಗಾಯ. ಅಲ್ಲೊಂದು ಬಿರಡೆ ಕಟ್ಟಿಕೊಂಡರೆ ನಾಳ ಪೂರ್ತಿ ಮುಚ್ಚಿ ಮತ್ತೆ ಹಾರ್ಟ್ ಅಟ್ಯಾಕ್.

ಪ್ಲೇಟ್‌ಲೆಟ್‌ಗೆ ಗಲ್ಲದ ಗೀರಿಗೂ ಸ್ಟೆಂಟಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಕಡೆ ಅದೇ ಕೊಲಾಜೆನ್, ಅದೇ ಎರಡು ಕೂಗು, ಅದೇ ಕೊಕ್ಕೆ. ಹಾಗಾಗಿ ಮಾತ್ರೆಗೂ ಗೊತ್ತಾಗುವುದಿಲ್ಲ. ಸ್ಟೆಂಟಿನಲ್ಲಿ ಬಿರಡೆ ಕಟ್ಟದಂತೆ ಮಾಡಿದ ಮಾತ್ರೆ ಹೊಟ್ಟೆಯ ಹುಣ್ಣಿನಲ್ಲೂ, ಮೂಗಿನಲ್ಲೂ, ಮೆದುಳಿನಲ್ಲೂ ಅದೇ ಕೆಲಸ ಮಾಡುತ್ತದೆ. ರಕ್ತಸ್ರಾವವನ್ನು ಸೈಡ್ ಎಫೆಕ್ಟ್ ಅನ್ನುತ್ತೇವೆ. ನನಗೆ ಆ ಪದ ಸರಿ ಅನಿಸುವುದಿಲ್ಲ. ಅದು ಔಷಧಿಯ ಅಸಲಿ ಪರಿಣಾಮವೇ, ನಮಗೆ ಬೇಡದ ಜಾಗದಲ್ಲಿ ಆಗಿದೆ ಅಷ್ಟೆ.

ಎಷ್ಟು ಲಾಭ, ಎಷ್ಟು ನಷ್ಟ? 2001ರಲ್ಲಿ ಬಂದ ಕ್ಯೂರ್ ಅಧ್ಯಯನದಲ್ಲಿ 12,562 ರೋಗಿಗಳಿದ್ದರು. ಎಲ್ಲರೂ ಹಾರ್ಟ್ ಅಟ್ಯಾಕ್ ಅಥವಾ ಅದರ ಅಂಚಿಗೆ ಬಂದು ಆಸ್ಪತ್ರೆ ಸೇರಿದ್ದವರು. ಎಲ್ಲರಿಗೂ ಆಸ್ಪಿರಿನ್ ಇತ್ತು, ಅರ್ಧದಷ್ಟು ಜನರಿಗೆ ಕ್ಲೊಪಿಡೊಗ್ರೆಲ್ ಕೂಡ ಸೇರಿಸಿದರು. ಬರೀ ಆಸ್ಪಿರಿನ್ ಇದ್ದವರಲ್ಲಿ ನೂರಕ್ಕೆ 11.4 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸಾವು ಆಯಿತು. ಎರಡೂ ಇದ್ದವರಲ್ಲಿ ಅದು 9.3ಕ್ಕೆ ಇಳಿಯಿತು. ದೊಡ್ಡ ರಕ್ತಸ್ರಾವ ಮಾತ್ರ 2.7ರಿಂದ 3.7ಕ್ಕೆ ಏರಿತು. ಸಾವಿರ ಜನರ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತೊಂದು ಮಂದಿ ಈ ತೊಂದರೆಗಳಿಂದ ತಪ್ಪಿಸಿಕೊಂಡರು, ಹತ್ತು ಮಂದಿಗೆ ದೊಡ್ಡ ರಕ್ತಸ್ರಾವವಾಯಿತು. ಇವರ ಮಟ್ಟಿಗೆ ತಕ್ಕಡಿ ಮಾತ್ರೆಯ ಕಡೆಗೇ ವಾಲುತ್ತದೆ.

ಇದೇ ತಕ್ಕಡಿಗೆ ಹೃದಯದ ಕಾಯಿಲೆಯೇ ಇಲ್ಲದವರನ್ನು ಕೂರಿಸಿ. 2018ರ ಆಸ್ಪ್ರೀ ಅಧ್ಯಯನದಲ್ಲಿ ಆರೋಗ್ಯವಾಗಿದ್ದ 19,114 ಹಿರಿಯರಿದ್ದರು. ಬಹುತೇಕರು ಎಪ್ಪತ್ತು ದಾಟಿದವರು. ಅರ್ಧ ಜನರಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಖಾಲಿ ಮಾತ್ರೆ. ಐದು ವರ್ಷದ ಹತ್ತಿರ ನೋಡಿದರು. ಹೃದಯದ ತೊಂದರೆಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ದೊಡ್ಡ ರಕ್ತಸ್ರಾವ ನೂರಕ್ಕೆ 2.8 ಇದ್ದದ್ದು 3.8 ಆಯಿತು. ಕಾರಣ ಸರಳ. ತಡೆಯಲು ಬೇಕಾದ ಹೆಪ್ಪು ಇವರಲ್ಲಿ ಕಡಿಮೆ, ಆದರೆ ಸಣ್ಣಪುಟ್ಟ ಗಾಯ ಮುಚ್ಚುವ ಬಿರಡೆ ಎಲ್ಲರಿಗೂ ದಿನಾ ಬೇಕು. "ಹೃದಯಕ್ಕೆ ಒಳ್ಳೆಯದಂತೆ" ಅಂತ ಸುಮ್ನೆ ದಿನಕ್ಕೊಂದು ಆಸ್ಪಿರಿನ್ ನುಂಗುವವರನ್ನು ಕಂಡರೆ ನನಗೆ ಆತಂಕವಾಗುವುದು ಇದಕ್ಕೇ.

ಹೊಟ್ಟೆಗೆ ಬೀಳುವ ಎರಡು ಪೆಟ್ಟು

ದೊಡ್ಡ ರಕ್ತಸ್ರಾವ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೊಟ್ಟೆ ಮತ್ತು ಕರುಳಿನಲ್ಲಿ. ಇದಕ್ಕೆ ಪ್ಲೇಟ್‌ಲೆಟ್ ಒಂದೇ ಕಾರಣವಲ್ಲ. ಕಾಕ್ಸ್-1 ಹೊಟ್ಟೆಯ ಗೋಡೆಯಲ್ಲೂ ಇದೆ. ಅಲ್ಲಿ ಅದು ಪ್ರೋಸ್ಟಗ್ಲಾಂಡಿನ್ ತಯಾರಿಸುತ್ತದೆ. ಹೊಟ್ಟೆಯ ಆಮ್ಲ ತನ್ನ ಗೋಡೆಯನ್ನೇ ಸುಡದಂತೆ ಕಾಯುವ ಲೋಳೆ, ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್, ಗೋಡೆಗೆ ಹರಿಯುವ ರಕ್ತ, ಎಲ್ಲವೂ ಅದರ ಆಸರೆಯಲ್ಲಿವೆ. ಆಸ್ಪಿರಿನ್ ಅಲ್ಲಿನ ಕಾಕ್ಸ್-1 ಅನ್ನೂ ತಡೆಯುತ್ತದೆ. ಹೀಗೆ ಒಂದೇ ಮಾತ್ರೆ ಹುಣ್ಣಾಗಲು ದಾರಿ ಮಾಡಿಕೊಡುತ್ತದೆ, ಆದ ಹುಣ್ಣಿನ ರಕ್ತ ನಿಲ್ಲದಂತೆಯೂ ಮಾಡುತ್ತದೆ.

ಮೇಲೆ ಲೇಪ ಇರುವ, ಹೊಟ್ಟೆಯಲ್ಲಿ ಕರಗದ ಆಸ್ಪಿರಿನ್ ತೆಗೆದುಕೊಂಡರೆ ಈ ಅಪಾಯ ಇಲ್ಲ ಎಂದು ಹಲವರು ನಂಬಿದ್ದಾರೆ. ನಂಬಿಕೆ ಸಹಜವೇ, ಆದರೆ ತಪ್ಪು. ಕರುಳಿನಲ್ಲಿ ಕರಗಿದ ಆಸ್ಪಿರಿನ್ ರಕ್ತದ ಮೂಲಕ ಹೊಟ್ಟೆಯ ಗೋಡೆಗೆ ಹಿಂದಿನಿಂದ ಬರುತ್ತದೆ. ಲೇಪದಿಂದ ಹೊಟ್ಟೆಯುರಿ ಕಡಿಮೆಯಾಗಬಹುದು, ರಕ್ತಸ್ರಾವದ ಅಪಾಯ ಹೋಗುವುದಿಲ್ಲ.

ಹಾಗಾದರೆ ಹೊಟ್ಟೆಯ ಕಾಕ್ಸ್‌ನ ತಂಟೆಗೆ ಹೋಗದ ಕ್ಲೊಪಿಡೊಗ್ರೆಲ್ ಹೊಟ್ಟೆಗೆ ಸುರಕ್ಷಿತವೇ? ವೈದ್ಯರೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದರು. 2005ರಲ್ಲಿ ಹಾಂಗ್‌ಕಾಂಗ್‌ನ ಒಂದು ಅಧ್ಯಯನ ಈ ನಂಬಿಕೆಯನ್ನು ಬುಡಮೇಲು ಮಾಡಿತು. ಆಸ್ಪಿರಿನ್‌ನಿಂದ ಹುಣ್ಣಿನ ರಕ್ತಸ್ರಾವವಾಗಿ ಗುಣವಾದವರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕ್ಲೊಪಿಡೊಗ್ರೆಲ್. ಇನ್ನೊಂದಕ್ಕೆ ಅದೇ ಆಸ್ಪಿರಿನ್, ಜೊತೆಗೆ ಆಮ್ಲ ತಗ್ಗಿಸುವ ಎಸೊಮೆಪ್ರಜೋಲ್. ಒಂದು ವರ್ಷದಲ್ಲಿ ಕ್ಲೊಪಿಡೊಗ್ರೆಲ್ ಗುಂಪಿನ ನೂರಕ್ಕೆ 8.6 ಮಂದಿಗೆ ಮತ್ತೆ ಹುಣ್ಣಿನ ರಕ್ತಸ್ರಾವವಾಯಿತು. ಇನ್ನೊಂದು ಗುಂಪಿನಲ್ಲಿ 0.7 ಮಾತ್ರ. ಹುಣ್ಣಿಗೆ ಹೊಸದಾಗಿ ಕಾರಣವಾಗದಿದ್ದರೂ, ಹಳೆಯ ಹುಣ್ಣು ಮಾಯುವಾಗ ಪ್ಲೇಟ್‌ಲೆಟ್‌ನ ಸಹಾಯ ಬೇಕು. ಆ ಸಹಾಯವನ್ನು ಕ್ಲೊಪಿಡೊಗ್ರೆಲ್ ತಪ್ಪಿಸುತ್ತದೆ. ಅಪಾಯ ಇರುವವರಲ್ಲಿ ಮಾತ್ರೆ ಬದಲಿಸುವುದಕ್ಕಿಂತ ಹೊಟ್ಟೆ ಕಾಯುವ ಮಾತ್ರೆ ಸೇರಿಸುವುದೇ ಮುಖ್ಯ ಅನ್ನುವುದು ಇಲ್ಲಿಂದ ಗಟ್ಟಿಯಾಯಿತು.

ನಮ್ಮ ರೋಗಿಯ ಬಳಿಗೆ ಹಿಂದಿರುಗೋಣ. ನಾಲ್ಕನೇ ತಿಂಗಳಲ್ಲಿ ಅವರಿಗೆ ಮೊಣಕಾಲು ನೋವು ಬಂತು. ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್ ತಂದು ದಿನಕ್ಕೆ ಮೂರು ಸಲ ನುಂಗತೊಡಗಿದರು. ಹೊಟ್ಟೆ ಕಾಯುವ ಮಾತ್ರೆಯನ್ನು "ಅಸಿಡಿಟಿ ಇಲ್ಲವಲ್ಲ" ಎಂದು ಬಿಟ್ಟಿದ್ದರು. ಎರಡು ವಾರದ ನಂತರ ಮೆಟ್ಟಿಲು ಹತ್ತುವಾಗ ಏದುಸಿರು, ಎದ್ದು ನಿಂತರೆ ತಲೆಸುತ್ತು. ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ವಿಪರೀತ ವಾಸನೆಯಿಂದ ಕೂಡಿತ್ತು. ನೋವು ಮಾತ್ರ ಇರಲಿಲ್ಲ, ಹಾಗಾಗಿ ಎರಡು ದಿನ ಸುಮ್ಮನಿದ್ದರು. ಹೊಟ್ಟೆಯಲ್ಲಿ ಸೋರಿದ ರಕ್ತ ಆಮ್ಲದಲ್ಲಿ, ಕರುಳಿನಲ್ಲಿ ಕೆಟ್ಟು ಕಪ್ಪಾಗಿ ಬರುವುದೇ ಇದು. 50ರಿಂದ 100 ಮಿಲಿಲೀಟರ್ ರಕ್ತ ಸೋರಿದರೂ ಸಾಕು, ಮಲ ಹೀಗಾಗುತ್ತದೆ. ಹಿಮೋಗ್ಲೋಬಿನ್ 13.5 ಇದ್ದದ್ದು 9ಕ್ಕೆ ಇಳಿದಿತ್ತು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಗೋಡೆಯ ಮೇಲೆ ಒಂದು ಹುಣ್ಣು, ಅದರ ನಡುವೆ ಇನ್ನೂ ಜಿನುಗುತ್ತಿದ್ದ ಸಣ್ಣ ನಾಳ.

ಐಬುಪ್ರೊಫೆನ್ ಇಲ್ಲಿ ಎರಡು ಕೆಲಸ ಮಾಡಿತ್ತು. ಹೊಟ್ಟೆಯ ರಕ್ಷಣೆಯನ್ನು ಇನ್ನಷ್ಟು ತಗ್ಗಿಸಿದ್ದು ಒಂದು. ಎರಡನೆಯದು ಕಣ್ಣಿಗೆ ಕಾಣದ್ದು. ಅದೂ ಕಾಕ್ಸ್-1ರ ಅದೇ ಸುರಂಗದಲ್ಲಿ ಕೂರುತ್ತದೆ, ಆದರೆ ಅಂಟಿಕೊಳ್ಳದೆ ಕೆಲವು ಗಂಟೆಯ ನಂತರ ಎದ್ದುಹೋಗುತ್ತದೆ. ಅದು ಕೂತಿರುವಾಗ ಆಸ್ಪಿರಿನ್ ಬಂದರೆ ಒಳಗೆ ಹೋಗಲು ಜಾಗವಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧವಾಗುವ ಆಸ್ಪಿರಿನ್‌ಗೆ ಕಾಯುವಷ್ಟು ಹೊತ್ತಿಲ್ಲ. ಐಬುಪ್ರೊಫೆನ್ ಎದ್ದ ಮೇಲೆ ಸುರಂಗ ತೆರೆದೇ ಇರುತ್ತದೆ. ಅಂದರೆ ಹೊಟ್ಟೆಗೆ ಅಪಾಯ ಹೆಚ್ಚಿತು, ಸ್ಟೆಂಟಿಗೆ ರಕ್ಷಣೆ ಕಡಿಮೆಯಾಯಿತು. ಆಸ್ಪಿರಿನ್ ತೆಗೆದುಕೊಳ್ಳುವವರು ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು ಅನ್ನುವುದರ ಹಿಂದೆ ಇಷ್ಟೆಲ್ಲ ಇದೆ.

ಮಾತ್ರೆ ನಿಲ್ಲಿಸಿದರೂ ತಕ್ಷಣ ನಿಲ್ಲದ ಪರಿಣಾಮ

ರಕ್ತ ಸೋರುತ್ತಿದೆ, ಮಾತ್ರೆ ನಿಲ್ಲಿಸಿದರಾಯಿತಲ್ಲ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಅವರ ಪ್ಲೇಟ್‌ಲೆಟ್ ಎಣಿಕೆ ಮೈಕ್ರೋಲೀಟರಿಗೆ 2,50,000. ದಿನಕ್ಕೆ ಹತ್ತನೇ ಒಂದು ಪಾಲು, ಅಂದರೆ ಸುಮಾರು 25,000 ಹೊಸವು ಬರುತ್ತವೆ. ಇವತ್ತು ಮಾತ್ರೆ ಬಿಟ್ಟರೆ ನಾಳೆ ನೂರರಲ್ಲಿ ಹತ್ತು ಹೊಸವು, ಮೂರನೇ ದಿನ ಮೂವತ್ತು, ಐದನೇ ದಿನ ಐವತ್ತು. ಅಂಟಿಕೊಂಡದ್ದನ್ನು ಬಿಡಿಸುವ ಪ್ರತಿಮದ್ದು ಯಾವುದೂ ಇಲ್ಲ. ಮಜ್ಜೆ ಹೊಸವನ್ನು ಕಳಿಸುವ ವೇಗವೇ ಇಲ್ಲಿ ಗಡಿಯಾರ.

ಬಾಯಿ ಮತ್ತು ಕಿವಿಯ ವ್ಯತ್ಯಾಸ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಹೊಸ ಪ್ಲೇಟ್‌ಲೆಟ್ ಬಂದರೂ ರಕ್ತ ನಿಲ್ಲುವುದು ಬಹುಮಟ್ಟಿಗೆ ಸರಿಹೋಗುತ್ತದೆ. ಹೊಸವು ಕೂಗುತ್ತವೆ, ಬಾಯಿ ಕಟ್ಟಿದ ಹಳೆಯವಕ್ಕೂ ಕಿವಿ ಕೇಳುತ್ತದಲ್ಲ, ಅವೂ ಬಂದು ಸೇರುತ್ತವೆ. ಇದೇ ಕಾರಣಕ್ಕೆ ಆಸ್ಪಿರಿನ್‌ನಿಂದ ಲಾಭ ಸಿಗಬೇಕಾದರೆ ಥ್ರಾಂಬಾಕ್ಸೇನ್ ತಯಾರಿ ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ನಿಂತಿರಬೇಕು. ಪದೇ ಪದೇ ಮಾತ್ರೆ ತಪ್ಪಿಸಿದರೆ ಆ ಮಟ್ಟ ಉಳಿಯುವುದಿಲ್ಲ. ಕ್ಲೊಪಿಡೊಗ್ರೆಲ್‌ನ ಕಥೆ ಬೇರೆ. ಕಿವಿ ಮುಚ್ಚಿದ ಹಳೆಯವಕ್ಕೆ ಹೊಸವು ಚೆಲ್ಲಿದ ಎಡಿಪಿ ಸರಿಯಾಗಿ ಕೇಳಿಸದು. ದೊಡ್ಡ ಆಪರೇಷನ್ ಇದ್ದರೆ ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ ಐದು ದಿನ ಮೊದಲೇ ನಿಲ್ಲಿಸುತ್ತಾರೆ. ಆಸ್ಪಿರಿನ್ ಅನ್ನು ಎಷ್ಟೋ ಸಲ ಮುಂದುವರಿಸುತ್ತಾರೆ.

ಹಲ್ಲು ಕೀಳಿಸುವಂಥ ಚಿಕ್ಕ ಕೆಲಸಕ್ಕೆ ಸಾಮಾನ್ಯವಾಗಿ ಯಾವುದನ್ನೂ ನಿಲ್ಲಿಸುವುದಿಲ್ಲ. ವಸಡಿನ ರಕ್ತ ಕಣ್ಣಿಗೆ ಕಾಣುತ್ತದೆ, ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು. ಸ್ಟೆಂಟಿನೊಳಗೆ ಕಟ್ಟುವ ಹೆಪ್ಪು ಕಾಣುವುದಿಲ್ಲ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ತಾವಾಗಿ ಎರಡೂ ಮಾತ್ರೆ ಬಿಟ್ಟವರಿಗೆ ಸ್ಟೆಂಟ್ ದಿಢೀರನೆ ಮುಚ್ಚಿಕೊಳ್ಳುವ ಅಪಾಯ ಇದೆ, ಅದರಲ್ಲಿ ಸಾವಿನ ಪ್ರಮಾಣ ಜಾಸ್ತಿ. ಗೀರಿನಿಂದ ರಕ್ತ ಬಂತೆಂದು, ಕೈ ಮೇಲೆ ಕಲೆ ಬಿತ್ತೆಂದು ಹೆದರಿ ಮಾತ್ರೆ ನಿಲ್ಲಿಸಬೇಡಿ ಎಂದು ವೈದ್ಯರು ಗಟ್ಟಿಯಾಗಿ ಹೇಳುವುದು ಇದಕ್ಕೇ. ಕಾಯದೆ ಓಡಬೇಕಾದದ್ದು ಬೇರೆ ಗುರುತುಗಳಿಗೆ: ಟಾರಿನಂತಹ ಮಲ, ರಕ್ತದ ವಾಂತಿ, ಹಿಂದೆಂದೂ ಇಲ್ಲದ ಭಾರೀ ತಲೆನೋವು, ತಲೆಗೆ ಬಿದ್ದ ಪೆಟ್ಟು, ಕಾರಣವಿಲ್ಲದ ತಲೆಸುತ್ತು ಮತ್ತು ಏದುಸಿರು.

ನಮ್ಮ ರೋಗಿಯ ಹುಣ್ಣಿನ ನಾಳಕ್ಕೆ ಎಂಡೋಸ್ಕೋಪಿಯಲ್ಲೇ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಐಬುಪ್ರೊಫೆನ್ ಬಂದ್ ಆಯಿತು. ಆಮ್ಲ ತಗ್ಗಿಸುವ ಔಷಧಿಯನ್ನು ಮೊದಲು ಇಂಜೆಕ್ಷನ್ ಮೂಲಕ ರಕ್ತನಾಳಕ್ಕೆ ಕೊಟ್ಟು, ಆಮೇಲೆ ಮಾತ್ರೆಗೆ ಬದಲಿಸಿದರು. ಹುಣ್ಣಿಗೆ ಕಾರಣವಾಗುವ ಎಚ್ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ ಎಂದೂ ನೋಡಿದರು. ಹೃದ್ರೋಗ ವೈದ್ಯರು, ಹೊಟ್ಟೆಯ ವೈದ್ಯರು ಕೂತು ಮಾತಾಡಿ ಆಸ್ಪಿರಿನ್ ಮುಂದುವರಿಸಿದರು, ಕ್ಲೊಪಿಡೊಗ್ರೆಲ್ ಅನ್ನು ಕೆಲವೇ ದಿನ ತಡೆಹಿಡಿದರು. ಆ ದಿನಗಳಲ್ಲಿ ಮಜ್ಜೆಯಿಂದ ಕಿವಿ ತೆರೆದ ಹೊಸ ಪ್ಲೇಟ್‌ಲೆಟ್‌ಗಳು ಒಂದಷ್ಟು ಬಂದವು, ಹುಣ್ಣಿನ ಮೇಲೆ ಬಿರಡೆ ಗಟ್ಟಿಯಾಯಿತು. ಐದನೇ ದಿನ ಮಲದ ಬಣ್ಣ ತಿಳಿಯಾಗಿತ್ತು, ಹಿಮೋಗ್ಲೋಬಿನ್ ಮತ್ತೆ ಇಳಿದಿರಲಿಲ್ಲ. ಅಂದು ಸಂಜೆ ಕ್ಲೊಪಿಡೊಗ್ರೆಲ್ ಮತ್ತೆ ಶುರುವಾಯಿತು. ಮಾತ್ರೆಯ ಡಬ್ಬಿಯಲ್ಲಿ ಈಗ ಎರಡರ ಜೊತೆ ಮೂರನೆಯದೊಂದು, ಪ್ಯಾಂಟೊಪ್ರಜೋಲ್, ಖಾಯಂ ಆಗಿ ಸೇರಿದೆ.